ಪಾಪಕ್ಕನ ಬೆಲ್ಟಿನ ಕ್ಲಿಪ್ಪು

ನನ್ನ ಕೈಕೆಲಸದ ಬಗ್ಗೆ ನನಗೆ ಮೊದಲಿನಿಂದಲೂ ಕೊಬ್ಬು ಜಾಸ್ತಿ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಕಾರುಗಳ ವೈರಿಂಗ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮಾರುತೇಶನ ಕೈ ಬಿದ್ದರೆ ಸತ್ತ ಹಾರ್ನ್ ಕೂಡ ಕೂಗುತ್ತದೆ ಎಂದು ಜನ ಅನ್ನುತ್ತಿದ್ದರು. ಅವರು ಅನ್ನದ ದಿನ ನಾನೇ ಅಂದುಕೊಳ್ಳುತ್ತಿದ್ದೆ. ಹೀಗಿರುವವನು ಒಂದು ದಿನ ಬೋರಲು ಬೀಳಲೇಬೇಕು, ಬಿದ್ದೆ. ಬಿದ್ದದ್ದು ನಾನೊಬ್ಬನೇ ಆಗಿದ್ದರೆ ಇಷ್ಟು ಹೇಳಿಕೊಳ್ಳುವ ಅಗತ್ಯವಿರಲಿಲ್ಲ. ನನ್ನ ಜೊತೆ ಇನ್ನೊಬ್ಬರ ಜೀವವೂ ಹೋಗುವುದರಲ್ಲಿತ್ತು.

ಅದು ಶುರುವಾದದ್ದು ಮೊಳಕಾಲ್ಮೂರಿನ ಎರ್ರಿಸ್ವಾಮಿಯವರ ಕಾರಿನಿಂದ. ಮನೆಯಲ್ಲಿ ಎರಡು ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವ ಕುಟುಂಬ. ಐವತ್ತೆಂಟರ ವಯಸ್ಸಿನಲ್ಲಿ ಕಾರು ಕೊಂಡು, ಡ್ರೈವಿಂಗ್ ಕಲಿತು, ಈಗ ಗಿರಾಕಿಗಳ ಮನೆಗೆ ತಾವೇ ಸೀರೆ ಮುಟ್ಟಿಸಿ ಬರುತ್ತಿದ್ದರು. ಮುಹೂರ್ತದ ಸೀರೆಯಾದರೆ ಹೆಂಡತಿ ಪಾಪಕ್ಕನೂ ಜೊತೆಗೆ ಬರಲೇಬೇಕು. ಸೆರಗು ನೇಯ್ದ ಕೈಯೇ ಸೀರೆಯನ್ನು ಮದುವೆ ಮನೆಗೆ ಒಪ್ಪಿಸಬೇಕೆಂಬುದು ಅವರ ಮನೆಯ ನೇಮ. ಆಕೆಯೂ ಆವತ್ತು ರೇಷ್ಮೆಯನ್ನೇ ಉಡುತ್ತಾಳೆ, ಒಗೆದ ವಾಯಿಲ್ ಸೀರೆಯಲ್ಲಿ ಹೋಗುವುದು ಮಗ್ಗಕ್ಕೆ ಅವಮಾನವಂತೆ.

ಅವರು ಮೊದಲ ಸಲ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತಿತ್ತು. ಕೂತ ಮನುಷ್ಯನ ಮುಂದೆ ಗಾಳಿಚೀಲದ ಗುರುತಿರುವ ಆ ಪುಟ್ಟ ದೀಪ.

"ಒಂದು ವಾರದಿಂದ ಹಿಂಗೇ ಉರೀತೈತಪ್ಪ. ಇದೊಂದು ಬಲ್ಬು ಕಿತ್ತು ಹಾಕು," ಎಂದರು ಎರ್ರಿಸ್ವಾಮಿ.

"ಯಜಮಾನ್ರೇ, ಜ್ವರ ಬಂದ್ರೆ ಥರ್ಮಾಮೀಟರ್ ಒಡೆದು ಹಾಕ್ತೀರೇನ್ರಿ?" ಎಂದು ರೇಗಿದೆ. ಆ ದೀಪ ಉರಿಯುತ್ತಿದ್ದರೆ ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ ಎಂದು ನೆಚ್ಚುವ ಹಾಗಿಲ್ಲ. ಬ್ಯಾಟರಿಯ ತಂತಿ ಬಿಚ್ಚಿ, ಒಳಗೆ ಉಳಿದಿರುವ ಕರೆಂಟು ಇಳಿಯಲಿ ಎಂದು ಹೊತ್ತು ಬಿಟ್ಟು, ಆಮೇಲೆ ಸೀಟಿನ ಕೆಳಗೆ ಕೈ ಹಾಕಿದೆ. ಅಲ್ಲಿ ಜರಿ ಉಂಡೆಗಳ ಡಬ್ಬ ತುರುಕಿಟ್ಟಿದ್ದರು. ಅದು ಒತ್ತಿ ಒತ್ತಿ ಏರ್‌ಬ್ಯಾಗ್ ವೈರಿನ ಹಳದಿ ಪ್ಲಗ್ಗು ಅರ್ಧ ಕಿತ್ತು ಬಂದಿತ್ತು. ಡಬ್ಬ ತೆಗೆದೆ, ಪ್ಲಗ್ಗು ಟಕ್ಕೆನ್ನುವಂತೆ ಕೂರಿಸಿದೆ, ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರಿನಲ್ಲಿ ದಾಖಲಾಗಿದ್ದ ದೂರು ಅಳಿಸಿದೆ. ದೀಪ ಆರಿತು. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿ. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣ.

ಹೊರಡುವಾಗ ಎರ್ರಿಸ್ವಾಮಿ ತಲೆ ಕೆರೆದುಕೊಂಡರು. "ಇನ್ನೊಂದು ತಾಪತ್ರಯ ಐತೆ. ಈ ಬೆಲ್ಟು ಬಿಗೀತೈತೆ ಅಂತ ನಮ್ಮಾಕಿ ದಿನಾ ಗೊಣಗ್ತಾಳೆ. ಲಾಳಿ ಹೊಡೆದೂ ಹೊಡೆದೂ ಭುಜ ಮೊದ್ಲೇ ನೋವು. ಸೀರೆ ನೆರಿಗೆ ಬೇರೆ ಮುದುಡಿ ಹೋಗ್ತೈತೆ. ಹಾಕ್ಕಳ್ಳಿಲ್ಲ ಅಂದ್ರೆ ಕಾರು ಕುಂಯ್ ಕುಂಯ್ ಅಂತೈತೆ."

ಪಾಪಕ್ಕ ಸೀಟನ್ನು ಮುಂದಕ್ಕೆ ಎಳೆದುಕೊಂಡು ಒಳಗೆ ಕೂತು ನನ್ನನ್ನೇ ನೋಡುತ್ತಿದ್ದಳು. ಸಣ್ಣ ದೇಹ, ಬೆರಳ ತುದಿಗಳೆಲ್ಲ ಗಟ್ಟಿ ಕಟ್ಟಿದ ಕೈ. ಗಂಡನೊಂದಿಗೆ ತೆಲುಗಿನಲ್ಲಿ ಏನೋ ಅಂದಳು. ನನಗೆ ತಿಳಿದದ್ದು "ಒದ್ದು" ಎಂಬ ಒಂದೇ ಮಾತು. ಬೇಡ ಎಂದು ಅರ್ಥ. ಯಾವುದು ಬೇಡ ಎಂದು ಕೇಳುವ ಪುರುಸೊತ್ತು ನನಗಿರಲಿಲ್ಲ, ಏಕೆಂದರೆ ನನ್ನ ಹತ್ತಿರ ಅದಕ್ಕೊಂದು ಮದ್ದು ಇತ್ತು.

ಮದ್ದು ನಾನೇ ಕಂಡುಹಿಡಿದದ್ದು. ಬೆರಳುದ್ದದ ಎರಡು ಅಲ್ಯೂಮಿನಿಯಂ ಪಟ್ಟಿ, ನಡುವೆ ಹಳೆಯ ಟ್ಯೂಬಿನ ರಬ್ಬರು, ಎರಡು ತುದಿಗೆ ಪುಟ್ಟ ಸ್ಕ್ರೂ. ಬೆಲ್ಟು ಹಾಕಿಕೊಂಡು, ಒಂದು ಗೇಣು ಸಡಿಲ ಬಿಟ್ಟು, ಬಾಗಿಲ ಪಕ್ಕದ ಕಂಬದಲ್ಲಿ, ಭುಜದ ಮೇಲೆ, ಬೆಲ್ಟು ಹಾದು ಬರುವ ಬಳೆಯ ಹತ್ತಿರ ಈ ಕ್ಲಿಪ್ಪು ಬಿಗಿದರಾಯಿತು. ಕ್ಲಿಪ್ಪು ಬಳೆಗೆ ತಡೆದು ನಿಲ್ಲುತ್ತದೆ, ಬೆಲ್ಟು ಹಿಂದಕ್ಕೆ ಸುತ್ತಿಕೊಳ್ಳುವುದಿಲ್ಲ. ಎದೆಯ ಮೇಲೆ ಹೂಮಾಲೆಯ ಹಾಗೆ ಹಗುರವಾಗಿ ಬಿದ್ದಿರುತ್ತದೆ. ಬಕಲ್ಲು ಹಾಕಿರುವುದರಿಂದ ಕಾರೂ ಸುಮ್ಮನಿರುತ್ತದೆ. ಚಳ್ಳಕೆರೆಯಲ್ಲಿ ಹದಿನಾಲ್ಕು ಜನರಿಗೆ ಹಾಕಿಕೊಟ್ಟಿದ್ದೆ. ಪಾಪಕ್ಕ ಹದಿನೈದನೆಯವಳು.

"ನೋಡ್ರಮ್ಮ, ಈಗ ಮಹಾರಾಣಿ ಹಂಗೆ ಕುಂತ್ಕಂಡು ಹೋಗ್ರಿ," ಎಂದೆ. ಆಕೆ ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಎಳೆದು ಬಿಟ್ಟಳು. ಎರ್ರಿಸ್ವಾಮಿ ಮಾತ್ರ ನನ್ನ ಬೆನ್ನು ತಟ್ಟಿ, ಬರುವ ತಿಂಗಳ ಮೊದಲ ಗುರುವಾರ ಚಳ್ಳಕೆರೆಯಲ್ಲೇ ಒಂದು ಮುಹೂರ್ತದ ಸೀರೆ ಒಪ್ಪಿಸುವುದಿದೆ, ಆಗ ಬಂದು ಕಾಣುತ್ತೇವೆ ಎಂದು ಹೇಳಿ ಹೋದರು.

ಆ ಗುರುವಾರವೇ ನಮ್ಮ ಊರಿನ ಕಲ್ಯಾಣಮಂಟಪವೊಂದರಲ್ಲಿ ಮೆಕ್ಯಾನಿಕ್‌ಗಳಿಗೆ ಒಂದು ದಿನದ ತರಬೇತಿ ಇತ್ತು. ಊಟ ಪುಕ್ಕಟೆ ಎಂದಿದ್ದರಿಂದ ಮೂವತ್ತು ಜನ ಸೇರಿದ್ದೆವು. ಹೇಳಿಕೊಡಲು ಬಂದವಳು ರಶ್ಮಿತಾ ಎಂಬ ಎಂಜಿನಿಯರು, ದೊಡ್ಡಉಳ್ಳಾರ್ತಿ ಕಡೆಯವಳೇ. ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ನಾನು ಕೆಲಸ ಶುರು ಮಾಡಿದಾಗ ಶಾಲೆಗೆ ಹೋಗುತ್ತಿದ್ದ ಹುಡುಗಿ, ಇವಳೇನು ಕಲಿಸುತ್ತಾಳೆ ಎಂದು ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತೆ.

"ಒಂದು ಸೆಕೆಂಡನ್ನ ಸಾವಿರ ಚೂರು ಮಾಡ್ಕಳ್ಳಿ. ಒಂದೊಂದು ಚೂರು ಒಂದೊಂದು ಮಿಲಿಸೆಕೆಂಡು," ಎಂದು ಅವಳು ಶುರು ಮಾಡಿದಳು. "ನೀವು ಒಂದ್ಸಲ ಕಣ್ಣು ಪಿಳುಕಿಸೋಕೆ ಇನ್ನೂರರ ಮೇಲೆ ಬೇಕು. ನಾನೀಗ ಹೇಳೋದೆಲ್ಲ ಅದಕ್ಕಿಂತ ಮುಂಚೇನೇ ಮುಗಿದು ಹೋಗ್ತೈತೆ."

ನಾನು ಚಾಚಿದ್ದ ಕಾಲನ್ನು ಯಾವಾಗ ಮಡಚಿಕೊಂಡೆನೋ ಗೊತ್ತಿಲ್ಲ. ಅವಳು ಹೇಳಿದ್ದು ಹೀಗೆ. ಕಾರಿನ ಮೂತಿಯಲ್ಲಿ ಬಂಪರಿನ ಹಿಂದೆ ಸೆನ್ಸರ್‌ಗಳಿವೆ. ಗೇರಿನ ಹತ್ತಿರ, ಕಾರಿನ ನಡುಮಧ್ಯೆ, ಕಂಟ್ರೋಲ್ ಯೂನಿಟ್ಟಿನೊಳಗೆ ಇನ್ನೊಂದಿದೆ. ವೇಗ ಎಷ್ಟು ಗಕ್ಕನೆ ಇಳಿಯಿತು ಎಂದು ಅಳೆಯುವುದೇ ಅವುಗಳ ಕೆಲಸ. ಬ್ರೇಕು ಹಾಕಿದರೂ ವೇಗ ಇಳಿಯುತ್ತದೆ, ಗುಂಡಿಗೆ ಬಿದ್ದರೂ ಕಾರು ಕುಲುಕುತ್ತದೆ, ಆದರೆ ಗೋಡೆಗೆ ಗುದ್ದಿದಾಗಿನ ಇಳಿತವೇ ಬೇರೆ. ಮುಂದಿನವನು ಹೇಳಿದ್ದನ್ನು ನಡುವಿನವನು ಹೌದು ಎಂದರೆ ಮಾತ್ರ ಯೂನಿಟ್ಟು ನಂಬುತ್ತದೆ. ಹೀಗೆ ತೀರ್ಮಾನ ಮಾಡಲು ಹದಿನೈದೋ ಇಪ್ಪತ್ತೋ ಮಿಲಿಸೆಕೆಂಡು.

ತೀರ್ಮಾನವಾದ ಕೂಡಲೇ ಎರಡು ಕಡೆ ಕಿಡಿ ಹೋಗುತ್ತದೆ. ಒಂದು ಬೆಲ್ಟಿನ ಪ್ರಿಟೆನ್ಷನರಿಗೆ, ಅಂದರೆ ಬೆಲ್ಟು ಬಿಗಿಯುವ ಯಂತ್ರಕ್ಕೆ. ಕಂಬದ ಬುಡದಲ್ಲಿ ಬೆಲ್ಟು ಸುತ್ತಿಕೊಳ್ಳುವ ರೀಲಿಗೆ ಅಂಟಿಕೊಂಡಂತೆ ಒಂದು ಚಿಕ್ಕ ಮದ್ದಿನ ಗುಂಡು ಇದೆ. ಅದು ಸಿಡಿದು, ಬೆಲ್ಟಿನಲ್ಲಿರುವ ಸಡಿಲವನ್ನೆಲ್ಲ ಹತ್ತು ಮಿಲಿಸೆಕೆಂಡಿನಲ್ಲಿ ಒಳಕ್ಕೆ ಎಳೆದು ಮನುಷ್ಯನನ್ನು ಸೀಟಿಗೆ ಅಂಟಿಸುತ್ತದೆ. ಇನ್ನೊಂದು ಕಿಡಿ ಏರ್‌ಬ್ಯಾಗಿಗೆ. ಅಲ್ಲಿ ಗಾಳಿ ತುಂಬಿಟ್ಟಿರುವುದಿಲ್ಲ, ಪುಡಿ ಒತ್ತಿ ಮಾಡಿದ ಬಿಲ್ಲೆಗಳು ಉರಿದು ಅನಿಲವಾಗುತ್ತವೆ. ಬಹುಪಾಲು ನೈಟ್ರೋಜನ್. ಡ್ರೈವರಿನ ಚೀಲ ತುಂಬಲು ಮೂವತ್ತು ಮಿಲಿಸೆಕೆಂಡು, ಪಕ್ಕದವರದು ದೊಡ್ಡದು, ಅದಕ್ಕೆ ಇನ್ನೂ ಸ್ವಲ್ಪ ಹೆಚ್ಚು.

"ಈಗ ಮುಖ್ಯವಾದ್ದು ಕೇಳ್ರಿ," ಎಂದಳು ರಶ್ಮಿತಾ. "ಏರ್‌ಬ್ಯಾಗು ದಿಂಬಲ್ಲ. ತುಂಬ್ತಾ ಇರೋವಾಗ ಅದು ಗಂಟೆಗೆ ಇನ್ನೂರು ಮುನ್ನೂರು ಕಿಲೋಮೀಟರ್ ಸ್ಪೀಡಲ್ಲಿ ಹೊರಗೆ ಬರ್ತೈತೆ. ತುಂಬಿದ ಮೇಲೆ, ಹಿಂದಿನ ತೂತಲ್ಲಿ ಗಾಳಿ ಬಿಡ್ತಾ ಮೆತ್ತಗಾಗ್ತೈತಲ್ಲ, ಆವಾಗ ನಮ್ಮ ಮುಖ ಅದಕ್ಕೆ ಮುಟ್ಟಬೇಕು. ಅದಕ್ಕಿಂತ ಮುಂಚೆ ಮುಟ್ಟಿದ್ರೆ ಅದೇ ನಮ್ಮನ್ನ ಹೊಡೀತೈತೆ. ಮುಂಚೆ ಮುಟ್ಟದಂಗೆ ಹಿಡ್ಕಳ್ಳೋದು ಯಾರ ಕೆಲ್ಸ?"

"ಬೆಲ್ಟಿಂದು," ಎಂದರು ಯಾರೋ.

ಹೊರಗೆ ಅಂಗಳದಲ್ಲಿ ಗುಜರಿ ಕಾರಿನ ಎರಡು ಸೀಟುಗಳನ್ನು, ಬೆಲ್ಟಿನ ಕಂಬ, ರೀಲು ಸಮೇತ, ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿ ನಿಲ್ಲಿಸಿದ್ದರು. ಒಂದೊಂದರಲ್ಲೂ ಒಂದೊಂದು ಕಡ್ಲೆಕಾಯಿ ಚೀಲಕ್ಕೆ ಬೆಲ್ಟು ಹಾಕಿ ಕೂರಿಸಿದ್ದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ ಮೊದಲ ಸೀಟಿಗೆ ಕರೆಂಟು ಕೊಟ್ಟಳು. ಪಟಾರ್! ನಾವೆಲ್ಲ ಹೌಹಾರಿದೆವು. ಬೆಲ್ಟು ಚೀಲದೊಳಕ್ಕೆ ಹೂತುಹೋಗಿ, ಒಳಗಿನ ಕಾಯಿ ಪುಡಿಯಾದದ್ದು ನಿಂತಲ್ಲಿಗೇ ಕೇಳಿಸಿತು.

ಆಗ ನನ್ನ ಕೊಬ್ಬು ಎದ್ದು ನಿಂತಿತು. ಇಷ್ಟು ಬಿಗಿದರೆ ಹೆಂಗಸರ ಗತಿಯೇನು ಎಂದುಕೊಂಡು ಜೇಬಿನಿಂದ ನನ್ನ ಕ್ಲಿಪ್ಪು ತೆಗೆದೆ. "ಮೇಡಂ, ನಾನು ಒಂದು ಐಟಂ ಮಾಡೀನಿ. ಬೆಲ್ಟು ಎದೆಗೆ ಒತ್ತಲ್ಲ, ಕಾರೂ ಕೂಗಲ್ಲ," ಎಂದೆ. ಎಲ್ಲರೂ ತಿರುಗಿ ನೋಡಿದರು. ಶಹಬ್ಬಾಸ್ ಅನ್ನುತ್ತಾಳೆ ಎಂದು ಕಾಯುತ್ತಾ ನಿಂತೆ, ಜಂಬದ ಕೋಳಿ.

ರಶ್ಮಿತಾ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಬೈಯಲಿಲ್ಲ. "ಹಾಕಿ ತೋರಿಸ್ರಿ ಅಣ್ಣಾ," ಎಂದಳು ಅಷ್ಟೆ. ಎರಡನೆಯ ಸೀಟಿನ ಚೀಲಕ್ಕೆ, ಪಾಪಕ್ಕನಿಗೆ ಬಿಟ್ಟಂತೆಯೇ ಒಂದು ಗೇಣು ಸಡಿಲ ಬಿಟ್ಟು, ಬಳೆಯ ಹತ್ತಿರ ಕ್ಲಿಪ್ಪು ಬಿಗಿದೆ. ನನ್ನ ಕೈಯಿಂದಲೇ.

ಪಟಾರ್! ಅದೇ ಸದ್ದು, ಅದೇ ಹೊಗೆ. ಕಂಬದ ಬುಡದಿಂದ ಬಳೆಯವರೆಗೆ ಬೆಲ್ಟು ತಂತಿಯಷ್ಟು ಬಿಗಿಯಾಯಿತು. ಕ್ಲಿಪ್ಪಿನಿಂದ ಈಚೆಗೆ, ಚೀಲದ ಎದೆಯ ಮೇಲೆ, ಮೊದಲಿದ್ದಂತೆಯೇ ಜೋತಾಡುತ್ತಿತ್ತು. ರೀಲು ಎಳೆದ ಎಳೆತವನ್ನೆಲ್ಲ ನನ್ನ ಕ್ಲಿಪ್ಪು ಬಳೆಯ ಹತ್ತಿರವೇ ತಡೆದು ನಿಲ್ಲಿಸಿತ್ತು. ಒಂದು ಕಾಯಿಯೂ ಒಡೆಯಲಿಲ್ಲ.

"ಬಕಲ್ಲು ಹಾಕೈತೆ, ಹಂಗಾಗಿ ಬೆಲ್ಟು ಐತೆ ಅಂತ ಕಾರು ನಂಬ್ತೈತೆ," ಎಂದಳು ರಶ್ಮಿತಾ, ನನ್ನ ಕಡೆ ನೋಡದೆ. "ಈ ಚೀಲ ಒಂದು ಗೇಣು ಮುಂದಕ್ಕೆ ಹೋಗ್ತೈತೆ. ಏರ್‌ಬ್ಯಾಗು ಇನ್ನೂ ಅರ್ಧ ತುಂಬಿರ್ತೈತೆ. ಎರಡೂ ಎದುರಾಎದುರು ಗುದ್ದಿಕೊಳ್ತಾವೆ. ಕುಂತಿರೋರು ಸಣ್ಣ ಆಳಾದ್ರೆ, ಸೀಟು ಮುಂದಕ್ಕೆ ಎಳ್ಕಂಡು ಕುಂತಿದ್ರೆ, ಕತ್ತು ಉಳಿಯೋದು ಕಷ್ಟ."

ಸಣ್ಣ ಆಳು. ಸೀಟು ಮುಂದಕ್ಕೆ ಎಳೆದುಕೊಂಡು ಕೂರುವವಳು. ಇವತ್ತು ಗುರುವಾರ.

ಗಂಟೆ ಹನ್ನೊಂದೂವರೆ. ಎರ್ರಿಸ್ವಾಮಿಯವರಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಗಾಡಿ ಓಡಿಸುತ್ತಿದ್ದಾರೆ, ಅದಕ್ಕೆ ಎತ್ತುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕನೆಯ ಸಲ ಯಾರೋ ಎತ್ತಿದರು. ಗಾಳಿಯ ಸದ್ದು, ಕುರಿಗಳ ಸದ್ದು.

"ಎರ್ರಿಸ್ವಾಮಿ ಯಜಮಾನ್ರೇ?"

"ಅಲ್ಲಣ್ಣ, ನಾನು ಕುರಿ ಓಬಳೇಶ. ಈ ಫೋನು ಕಾರಾಗೆ ಬಡ್ಕಂತಿತ್ತು, ಅದಕ್ಕೆ ಎತ್ತಿದೆ. ಕಾರು ಮೋರಿಗೆ ಗುದ್ದೈತೆ. ತಳಕು ಇನ್ನೂ ಮುಂದಕ್ಕೆ. ಢಮ್ ಅಂತು, ಒಳಗೆಲ್ಲ ಬಿಳೀ ಹೊಗೆ…"

"ಅಮ್ಮ? ಪಕ್ಕದಾಗಿದ್ದ ಅಮ್ಮ ಹೆಂಗದಾರೆ?"

"ಎಳೀತಾ ಅದಾರಣ್ಣ ಅವ್ರನ್ನ…" ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ನನ್ನ ಹಳೆಯ ವ್ಯಾನು ಹತ್ತಿದೆ. ಬಳ್ಳಾರಿ ರಸ್ತೆಯಲ್ಲಿ ಅಷ್ಟು ದೂರ ನಾನು ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ದಾರಿಯುದ್ದಕ್ಕೂ ಕಣ್ಣಿಗೆ ಬರುತ್ತಿದ್ದುದು ಒಂದೇ, ಆ ಜೋತಾಡುವ ಬೆಲ್ಟು. ಎಳೆಯುತ್ತಿದ್ದಾರೆ ಎಂದರೆ ಏನು? ಎದ್ದು ಬರಲಾಗದವರನ್ನು ತಾನೇ ಎಳೆಯುವುದು? ಬೇಡ ಎಂದು ಆಕೆ ಬಾಯಿಬಿಟ್ಟು ಹೇಳಿದ್ದಳಲ್ಲ, ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇಷ್ಟು ದಿನ ಪೂಜೆಗೆ ಕೂತಾಗಲೂ ಮನಸ್ಸು ನಿಲ್ಲದ ನಾನು, ಅವತ್ತು ಊರದೇವತೆ ಚಳ್ಳಕೆರಮ್ಮನಿಗೆ ಒಂದೇ ಮಾತು ಹೇಳಿಕೊಂಡೆ. ನನ್ನ ಕೈ ಬಿದ್ದು ಹೋದರೂ ಸರಿ, ಆಕೆಯ ಕತ್ತು ಉಳಿಸು.

ತಳಕು ದಾಟಿ ಸ್ವಲ್ಪ ಮುಂದೆ ಜನ ಕಂಡರು. ರಸ್ತೆ ಪಕ್ಕದ ಮೋರಿಯ ಕಲ್ಲುಗೋಡೆಗೆ ಕಾರು ಮೂತಿ ಇಟ್ಟು ನಿಂತಿತ್ತು. ಬಾನೆಟ್ಟು ಮಡಚಿಕೊಂಡಿತ್ತು. ಕುರಿ ಮಂದೆ ಗಕ್ಕನೆ ಅಡ್ಡ ಬಂದಿದ್ದು, ಎರ್ರಿಸ್ವಾಮಿ ಬ್ರೇಕು ತುಳಿದು ಪಕ್ಕಕ್ಕೆ ತಿರುಗಿಸಿದ್ದು, ಇದನ್ನೆಲ್ಲ ಆಮೇಲೆ ಕೇಳಿ ತಿಳಿದೆ. ಆಗ ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ನೆಟ್ಟಗೆ ಕಾರಿನ ಎಡಬಾಗಿಲಿಗೆ ಹೋದೆ.

ಎರಡೂ ಏರ್‌ಬ್ಯಾಗುಗಳು ಬಿಚ್ಚಿಕೊಂಡು, ಗಾಳಿ ಹೋಗಿ, ಒಣಹಾಕಿದ ಬಟ್ಟೆಯ ಹಾಗೆ ಇಳಿಬಿದ್ದಿದ್ದವು. ಸೀಟಿನ ಮೇಲೆಲ್ಲ ಬಿಳಿ ಪುಡಿ. ಪಟಾಕಿಯ ವಾಸನೆ. ಭುಜದ ಕಂಬದತ್ತ ಕಣ್ಣೆತ್ತಿದೆ.

ಬಳೆಯ ಹತ್ತಿರ ಕ್ಲಿಪ್ಪು ಇರಲಿಲ್ಲ.

ಬೆಲ್ಟು ಉದ್ದಕ್ಕೆ ಹೊರಗೆ ನಿಂತಿತ್ತು, ಒಳಕ್ಕೆ ಸುತ್ತಿಕೊಂಡಿರಲಿಲ್ಲ. ಕೈಯಲ್ಲಿ ಎಳೆದೆ, ಬರಲಿಲ್ಲ. ಬಿಟ್ಟೆ, ಹೋಗಲಿಲ್ಲ. ಪ್ರಿಟೆನ್ಷನರು ಸಿಡಿದ ಗಳಿಗೆಯಲ್ಲಿ ಬೆಲ್ಟು ಒಂದು ಮೈಯ ಸುತ್ತ ಇತ್ತು, ಆ ಅಳತೆಗೇ ಬೀಗ ಬಿದ್ದಿದೆ. ಬಳೆಗೆ ಉಜ್ಜಿದ ಗುರುತು ಬೆಲ್ಟಿನ ಮೇಲೆ ನೇರವಾಗಿ ಮೂಡಿತ್ತು. ಎಲ್ಲಿಯೂ ತಡೆಯಿಲ್ಲದೆ ಎಳೆದಿದೆ. ಹದಿನೆಂಟು ವರ್ಷದಲ್ಲಿ ನಾನು ಓದಿದ ಅತಿ ಒಳ್ಳೆಯ ಸುದ್ದಿ ಆ ಎರಡಂಗುಲದ ಪಟ್ಟಿಯ ಮೇಲಿತ್ತು. ಆದರೂ ನಂಬಲು ಹೆದರಿಕೆ.

"ಏನಪ್ಪಾ ಮೇಸ್ತ್ರಿ, ಬೆಲ್ಟಿಗೆ ನಮಸ್ಕಾರ ಮಾಡ್ತಿದ್ದೀಯೋ, ಕಾರಿಗೋ?"

ತಿರುಗಿ ನೋಡಿದೆ. ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಪಾಪಕ್ಕ ಕೂತಿದ್ದಳು. ಮುಖ, ಹುಬ್ಬು, ಕೂದಲು ಎಲ್ಲ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬಿಳಿ. ಕೆಮ್ಮುತ್ತಿದ್ದಳು. ಒಂದು ಕೈ ಎದೆಯ ಮೇಲಿತ್ತು, ಕತ್ತಿನ ಪಕ್ಕ ಬೆಲ್ಟಿನ ಅಗಲಕ್ಕೆ ಕೆಂಪು ಬರೆ ಎದ್ದಿತ್ತು. ಆದರೆ ಕತ್ತು ನೆಟ್ಟಗಿತ್ತು, ನನ್ನ ಕಡೆ ತಿರುಗುತ್ತಿತ್ತು, ಮಾತಾಡುತ್ತಿತ್ತು. ತೊಡೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಮುಹೂರ್ತದ ಸೀರೆ.

ಹೋದ ಜೀವ ಬಂದಂತಾಯಿತು ಅನ್ನುತ್ತಾರಲ್ಲ, ಅದು ಬರುವಾಗ ಕಾಲಿನ ಬಲ ತೆಗೆದುಕೊಂಡು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಲ್ಲೇ ಧೂಳಿನಲ್ಲಿ ಕುಸಿದು ಕೂತೆ. ಅಷ್ಟು ಜನರ ಮುಂದೆ, ನಲವತ್ತೆರಡು ವರ್ಷದ ಗಂಡಸು, ಅತ್ತುಬಿಟ್ಟೆ.

"ಮತ್ತೆ ಎಳೀತಾ ಅದಾರೆ ಅಂದ್ರಲ್ಲ ಫೋನಾಗೆ…" ಎಂದು ತೊದಲಿದೆ.

"ಎಳೀತಿದ್ರು ಹೂಂ," ಎಂದ ಪಕ್ಕದಲ್ಲಿದ್ದ ಓಬಳೇಶ. ಫೋನು ಎತ್ತಿದ್ದ ಕುರಿ ಕಾಯುವ ಆಳು. "ಹೊಗೆ ನೋಡಿ ಬೆಂಕಿ ಬಿತ್ತು ಅನ್ಕಂಡ್ವಿ. ಹೊರಗೆ ಬಾರವ್ವ ಅಂದ್ರೆ, ಹಿಂದಿನ ಸೀಟಿನಾಗೆ ಸೀರೆ ಐತೆ, ಅದು ಕೊಡೋವರ್ಗೂ ಇಳಿಯಲ್ಲ ಅಂತ ಈವಮ್ಮ ಕುಂತಿತ್ತು. ಅದಕ್ಕೆ ಎಳೀಬೇಕಾತು."

"ಸೀರೆ ಹೆಂಗೈತಮ್ಮ?" ಎಂದೆ. ಬೇರೇನೂ ಹೊಳೆಯಲಿಲ್ಲ.

"ಒಂದು ನೆರಿಗೆ ಮುದುಡಿಲ್ಲ ನೋಡು. ತೊಡೆ ಮೇಲಿದ್ರೆ ಹಾರಿ ಹೋಗ್ತಿತ್ತು. ಹಿಂದೆ ಕೂರಿಸಿ ಅದಕ್ಕೂ ಬೆಲ್ಟು ಹಾಕಿದ್ದೆ," ಎಂದಳು ಪಾಪಕ್ಕ.

ಅಷ್ಟರಲ್ಲಿ ಎರ್ರಿಸ್ವಾಮಿ ಮರದ ಆಚೆಯಿಂದ ಬಂದರು. ಮೂಗಿಗೆ ಟವೆಲು ಒತ್ತಿಕೊಂಡಿದ್ದರು, ಮುಂಗೈ ತರಚಿ ಕೆಂಪಾಗಿತ್ತು. ನನ್ನನ್ನು ಕಂಡದ್ದೇ ತಡ, ಸುತ್ತ ನಿಂತವರಿಗೆಲ್ಲ ಹೇಳಲು ಶುರು ಮಾಡಿದರು. "ಇವ್ನೇ ನೋಡ್ರಪ್ಪ ಮಾರುತೇಶ! ನಾನು ಬಲ್ಬು ಕಿತ್ತು ಹಾಕು ಅಂದೆ. ಇವ್ನು ಬೈದು, ಸೀಟಿನ ಕೆಳಗಿನ ಪ್ಲಗ್ಗು ಸರಿ ಮಾಡ್ದ. ಇವ್ನು ಮಾಡಿಲ್ಲ ಅಂದಿದ್ರೆ ಇವತ್ತು ನಮ್ಮ ಕಥೆ ಮುಗೀತಿತ್ತು. ಜೀವ ಉಳಿಸಿದ ಪುಣ್ಯಾತ್ಮ!"

ಜನ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಬೇರೆ ಯಾವ ದಿನವಾಗಿದ್ದರೂ ಆ ಮಾತನ್ನು ಹಾಲು ಕುಡಿದಂತೆ ಕುಡಿದಿರುತ್ತಿದ್ದೆ. ಸುಮ್ಮನಿದ್ದರೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೂತಲ್ಲಿಂದ ಎದ್ದು ನಿಂತೆ.

"ಯಜಮಾನ್ರೇ, ಅದೇ ದಿನ ಇನ್ನೊಂದು ಕೆಲ್ಸಾನೂ ಮಾಡಿದ್ದೆ," ಎಂದೆ. ಕಡ್ಲೆಕಾಯಿ ಚೀಲ, ಜೋತಾಡಿದ ಬೆಲ್ಟು, ಅರ್ಧ ತುಂಬಿದ ಏರ್‌ಬ್ಯಾಗು, ಎಲ್ಲ ಹೇಳಿದೆ. "ಆ ಕ್ಲಿಪ್ಪು ಇವತ್ತು ಇದ್ದಿದ್ರೆ ಅಮ್ಮ ಉಳೀತಿರಲಿಲ್ಲ. ಉಳಿಸಿದ್ದು ನಾನಲ್ಲ. ಕೊಲ್ಲೋಕೆ ಹೊರಟಿದ್ದು ನಾನು."

ಎರ್ರಿಸ್ವಾಮಿ ಮೂಗಿನ ಟವೆಲು ಕೆಳಗಿಳಿಸಿದರು. ಹೆಂಡತಿಯ ಕತ್ತಿನ ಬರೆ ನೋಡಿದರು, ನನ್ನನ್ನು ನೋಡಿದರು. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಮೆಲ್ಲಗೆ, "ಹಾಕಿಸಿದ್ದು ನಾನಲ್ಲೇನಪ್ಪಾ," ಎಂದು ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು. "ಬೆಲ್ಟು ಬಿಗೀತೈತೆ ಅಂತ ಗೊಣಗಿದ್ದು ಈಕೆ. ಸಡಿಲ ಮಾಡಿಸು ಅಂತ ಈಕೆ ಯಾವತ್ತೂ ಅಂದಿದ್ದಿಲ್ಲ."

"ಅಮ್ಮಾ, ಮತ್ತೆ ಕ್ಲಿಪ್ಪು ಯಾವಾಗ ತೆಗೆದ್ರಿ?" ಎಂದು ಕೇಳಿದೆ.

"ಆವತ್ತೇ. ನಿನ್ನ ಅಂಗಡಿ ಮರೆಯಾದ ಮೇಲೆ," ಎಂದಳು ಪಾಪಕ್ಕ. "ಒದ್ದು ಅಂದ್ರೆ ನೀವಿಬ್ರೂ ಕೇಳಲಿಲ್ಲ. ನಾನು ಹನ್ನೆರಡು ವರ್ಷಕ್ಕೆ ಮಗ್ಗದ ಗುಂಡೀಲಿ ಕಾಲಿಟ್ಟೋಳು. ಹಾಸು, ಅಂದ್ರೆ ಉದ್ದಕ್ಕೆ ಕಟ್ಟಿದ ಎಳೆ, ಬಿಗಿ ಇದ್ರೆ ಹೊಡೆತ ತಡೀತೈತೆ. ಒಂದು ಎಳೆ ಸಡಿಲ ಬಿಟ್ಟು, ನೇಯ್ಗೆ ಕೂರೋಕೆ ಹಲಿಗೆ ಬಡಿದ್ರೆ ಆ ಎಳೆನೇ ಮೊದ್ಲು ಹರೀತೈತೆ. ನಿನ್ನ ಕಾರಿನ ಲೆಕ್ಕ ನನಗೇನು ಗೊತ್ತು? ಸಡಿಲ ಇದ್ದದ್ದು ನನ್ನ ಕೈಗೆ ಹಿಡಿಸಲ್ಲ, ಅಷ್ಟೇ. ಭುಜ ನೋವಾದ್ರೆ ಆಗ್ಲಿ ಅಂತ ಕಿತ್ತಾಕಿದೆ."

ರಶ್ಮಿತಾ ಎರಡು ಸೀಟು ಸಿಡಿಸಿ ಕಲಿಸಿದ್ದನ್ನು ಈಕೆ ಎರಡು ಬೆರಳಲ್ಲಿ ಎಳೆದು ನೋಡಿ ತಿಳಿದಿದ್ದಳು.

೧೦೮ ಆಂಬುಲೆನ್ಸ್ ಬಂತು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಇಬ್ಬರಿಗೂ ಎಕ್ಸ್‌ರೇ ತೆಗೆದರು. ಪಾಪಕ್ಕನ ಎಲುಬು ಒಂದೂ ಮುರಿದಿರಲಿಲ್ಲ. ಎರ್ರಿಸ್ವಾಮಿಯ ಮೂಗಿನ ರಕ್ತ ಅಷ್ಟರಲ್ಲೇ ನಿಂತಿತ್ತು. ಡಾಕ್ಟರು ಬೆಲ್ಟಿನ ಬರೆ ನೋಡಿ, "ಇದು ಒಳ್ಳೇ ಗಾಯ," ಎಂದು ನಕ್ಕರು. ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಸೀರೆ ಕೊಳ್ಳುವವರು ಆಸ್ಪತ್ರೆಗೇ ಓಡಿ ಬಂದರು, ಪಾಪಕ್ಕ ಮಂಚದ ಮೇಲೆ ಕೂತೇ ಅರಿಶಿನ ಕುಂಕುಮವಿಟ್ಟು ಸೀರೆ ಒಪ್ಪಿಸಿದಳು.

ಅವತ್ತು ಸಂಜೆಯಿಂದ ಮೂರು ದಿನ ನಾನು ಬೇರೆ ಕೆಲಸ ಹಿಡಿಯಲಿಲ್ಲ. ಹದಿನಾಲ್ಕು ಜನರನ್ನೂ ಹುಡುಕಿಕೊಂಡು ಹೋದೆ. ಪರಶುರಾಂಪುರದ ಸೋಮಶೇಖರಪ್ಪ ಎಂಬೊಬ್ಬರು, "ಚೆನ್ನಾಗೈತಲ್ಲೋ, ಯಾಕೆ ಕೀಳ್ತೀಯ?" ಎಂದು ಜಗಳಕ್ಕೇ ನಿಂತರು. ಅವರ ಬೈಗುಳ ಕೇಳುತ್ತಲೇ ಸ್ಕ್ರೂ ಬಿಚ್ಚಿದೆ. ಹದಿನಾಲ್ಕನ್ನೂ ಅಂಗಡಿಯ ಮುಂದೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಜಜ್ಜಿದೆ. ಗಿರಾಕಿಗಳಿಗೆ ಹಾಕಿಕೊಟ್ಟವುಗಳಲ್ಲಿ ಬಾಕಿ ಉಳಿದದ್ದು ಒಂದೇ.

ಅದನ್ನು ಕೇಳಿಕೊಂಡು ಮುಂದಿನ ವಾರ ಮೊಳಕಾಲ್ಮೂರಿಗೆ ಹೋದೆ. ಕಾರು ಇನ್ನೂ ಕಂಪನಿಯ ಗ್ಯಾರೇಜಿನಲ್ಲಿತ್ತು. ಒಮ್ಮೆ ಸಿಡಿದ ಏರ್‌ಬ್ಯಾಗು, ಪ್ರಿಟೆನ್ಷನರು, ಬೆಲ್ಟು, ಕಂಟ್ರೋಲ್ ಯೂನಿಟ್ಟು ಇವನ್ನೆಲ್ಲ ಹೊಸದೇ ಹಾಕಬೇಕು, ಹಳೆಯದನ್ನು ಮಡಚಿ ತುರುಕಿಸಿಕೊಳ್ಳಬೇಡಿ ಎಂದು ಎರ್ರಿಸ್ವಾಮಿಯವರಿಗೆ ಮೂರು ಸಲ ಹೇಳಿದೆ. ಅವರು ಮೂರು ಸಲವೂ ತಲೆಯಾಡಿಸಿದರು.

ಒಳಗೆ ಪಾಪಕ್ಕ ಮಗ್ಗದಲ್ಲಿದ್ದಳು. ನನ್ನ ಕ್ಲಿಪ್ಪು ಮಗ್ಗದ ಕಂಬಕ್ಕೆ ಸಿಕ್ಕಿಸಿತ್ತು, ಸೆರಗಿನ ಚಿತ್ರ ಬರೆದ ಚೌಕುಳಿ ಹಾಳೆಯನ್ನು ಹಿಡಿದುಕೊಂಡಿತ್ತು.

"ಅಮ್ಮಾ, ಅದನ್ನ ಕೊಟ್ಟುಬಿಡ್ರಿ. ಜಜ್ಜಿ ಹಾಕ್ತೀನಿ," ಎಂದೆ.

"ಯಾಕೆ? ಇಲ್ಲಿ ಒಳ್ಳೇ ಕೆಲ್ಸ ಮಾಡ್ತೈತೆ. ಹಾಳೆ ಹಿಡಿಯೋಕೆ ಇಷ್ಟು ಚಂದದ ಸಾಮಾನು ಯಾರೂ ಮಾಡಿಕೊಟ್ಟಿದ್ದಿಲ್ಲ," ಎಂದಳು. ಕೈಕೆಲಸ ಹೊಗಳಿಸಿಕೊಂಡು ಅಷ್ಟು ನಾಚಿಕೆಯಾದದ್ದು ನನಗೆ ಅದೇ ಮೊದಲು.

ಕಾಫಿ ಕುಡಿದು ಹೊರಟೆ. ವ್ಯಾನಿನವರೆಗೆ ಆಕೆಯೂ ಬಂದಳು. ನಾನು ಹತ್ತಿ ಕೂತು ಕೀಲಿ ತಿರುವಿದೆ. ಆಕೆ ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು, ಬಿಡಲಿಲ್ಲ.

"ಈ ಗಾಡೀಲಿ ಬೆಲ್ಟು ಇಲ್ವೇನು?"

ಇತ್ತು. ಹದಿನೆಂಟು ವರ್ಷದಲ್ಲಿ ನಾನು ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ. ತಲೆಕೆಟ್ಟವನ ಹಾಗೆ ತಳಕಿಗೆ ಓಡಿಸಿದ ದಿನವೂ ಹಾಕಿರಲಿಲ್ಲ ಎಂಬುದು ಆಗ ನೆನಪಾಯಿತು. ಧೂಳು ಕೊಡವಿ ಎಳೆದೆ, ಬಕಲ್ಲಿಗೆ ಹಾಕಿದೆ. ಹಳೆಯ ಗಾಡಿ, ಪ್ರಿಟೆನ್ಷನರೂ ಇಲ್ಲ, ಏರ್‌ಬ್ಯಾಗೂ ಇಲ್ಲ, ಇರುವುದು ಇದೊಂದೇ.

ಪಾಪಕ್ಕ ಒಳಗೆ ಬಗ್ಗಿ, ಎರಡು ಬೆರಳಲ್ಲಿ ನನ್ನ ಎದೆಯ ಮೇಲಿನ ಬೆಲ್ಟನ್ನು ಹಿಡಿದು ನೋಡಿದಳು. ಹಳೆಯ ರೀಲು, ಅರ್ಧ ಗೇಣು ಸಡಿಲವಿತ್ತು. ಮಗ್ಗದ ಹಾಸು ಬಿಗಿಯುವ ಹಾಗೆ ಮೇಲಿನಿಂದ ಎಳೆದು, ಸಡಿಲವನ್ನೆಲ್ಲ ಕಂಬದೊಳಕ್ಕೆ ಕಳಿಸಿ, ಮತ್ತೊಮ್ಮೆ ಬೆರಳಿಟ್ಟು ನೋಡಿದಳು.

"ಹಾಂ. ಈಗ ಹೋಗು," ಎಂದಳು.